ಹೆಂಚು ಒಡೆದಲ್ಲೇ ನೀರು ಬೀಳುವುದಿಲ್ಲ

ಪರಿಚಯವೇ ಇಲ್ಲದ ಕಂಪನಿಗಳಿಗೆ ಮೇಲ್ ಬರೆದು ಕೆಲಸ ಹಿಡಿಯುವವರಲ್ಲಿ ಒಂದು ಲೆಕ್ಕದ ಪದ್ಧತಿ ಗಟ್ಟಿಯಾಗಿ ನೆಲೆಯೂರಿದೆ. ಕಳಿಸಿದ ಮೇಲ್‌ಗಳಲ್ಲಿ ಎಷ್ಟಕ್ಕೆ ಉತ್ತರ ಬಂತು ಎಂಬುದು ರಿಪ್ಲೈ ರೇಟ್. ಉತ್ತರಿಸಿದವರಲ್ಲಿ ಎಷ್ಟು ಮಂದಿ ಮಾತಿಗೆ ಸಿಕ್ಕರು ಎಂಬುದು ಕಾಲ್ ರೇಟ್. ಮಾತಾಡಿದವರಲ್ಲಿ ಎಷ್ಟು ಮಂದಿ ಆರ್ಡರ್ ಕೊಟ್ಟರು ಎಂಬುದು ವಿನ್ ರೇಟ್. ಮೂರನ್ನೂ ಒಂದು ಶೀಟಿನಲ್ಲಿ ಬರೆದಿಡಬೇಕು. ಯಾವುದು ಕಡಿಮೆಯಿದೆಯೋ ಅಲ್ಲಿ ಗಿರಾಕಿಗಳು ಸೋರಿಹೋಗುತ್ತಿದ್ದಾರೆ, ಅಲ್ಲೇ ದುರಸ್ತಿ ಮಾಡಬೇಕು. ಈ ಉಪದೇಶದ ಮೊದಲರ್ಧ ಸರಿಯಾಗಿದೆ. ಎರಡನೆಯ ಅರ್ಧವನ್ನು ನಂಬಿ ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ಕೆಲಸ ಮಾಡುವವರಿದ್ದಾರೆ.

ಮೊದಲು ಪದ್ಧತಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಇದಕ್ಕೂ ಮುಂಚೆ ಎಲ್ಲರೂ ನೆಚ್ಚಿಕೊಂಡಿದ್ದು ಓಪನ್ ರೇಟನ್ನು, ಅಂದರೆ ಮೇಲನ್ನು ತೆರೆದವರ ಪ್ರಮಾಣವನ್ನು. ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಇಟ್ಟು, ಅದು ಲೋಡ್ ಆದಾಗ ಓದಿದರು ಎಂದು ಎಣಿಸುವ ಉಪಾಯ ಅದು. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಆ ಚಿತ್ರಗಳನ್ನು ತಾನೇ ಮುಂಚಿತವಾಗಿ ಲೋಡ್ ಮಾಡಿಡುವ ವ್ಯವಸ್ಥೆ ತಂದಮೇಲೆ, ಯಾರೂ ಓದದ ಮೇಲ್ ಕೂಡ ಓದಿದಂತೆ ಕಾಣತೊಡಗಿತು. ಉತ್ತರ, ಕಾಲ್, ಆರ್ಡರ್ ಹಾಗಲ್ಲ. ಎದುರಿಗಿರುವವರು ಏನಾದರೂ ಮಾಡದೆ ಅವು ಆಗುವುದಿಲ್ಲ. ಎಣಿಸಲು ಯೋಗ್ಯವಾದದ್ದನ್ನೇ ಈ ಪದ್ಧತಿ ಎಣಿಸುತ್ತದೆ. ತಕರಾರು ಇರುವುದು ಎಣಿಸುವ ರೀತಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಓದುವ ರೀತಿಯಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ಮೈಸೂರಿನಲ್ಲಿ ನಾಲ್ಕು ಜನ ಸೇರಿ ಮೊಬೈಲ್ ಆ್ಯಪ್‌ಗಳನ್ನು ಟೆಸ್ಟ್ ಮಾಡಿಕೊಡುವ ಕಂಪನಿ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಏಪ್ರಿಲ್‌ನಲ್ಲಿ ಇಲ್ಲಿನ, ಯುರೋಪಿನ ಮತ್ತು ಅಮೆರಿಕದ ಕಂಪನಿಗಳಿಗೆ 600 ಮೇಲ್ ಕಳಿಸಿದರು. 40 ಉತ್ತರ ಬಂದವು, 8 ಕಾಲ್ ಆದವು, ಒಂದು ಆರ್ಡರ್ ಸಿಕ್ಕಿತು. ಶೀಟು ತೋರಿಸುವುದು ಹೀಗೆ: ರಿಪ್ಲೈ ರೇಟ್ ಶೇ. 6.7, ಕಾಲ್ ರೇಟ್ ಶೇ. 20, ವಿನ್ ರೇಟ್ ಶೇ. 12.5. ಎಂಟು ಜನರ ಜತೆ ಮಾತಾಡಿ ಒಬ್ಬರನ್ನಷ್ಟೇ ಒಪ್ಪಿಸಿದ್ದೇವೆ, ಅಂದರೆ ನಮ್ಮ ಮಾತಿನಲ್ಲೇ ಏನೋ ಕೊರತೆಯಿದೆ ಎಂದು ಅವರಿಗೆ ಅನಿಸುವುದು ಸಹಜ. ಪ್ರೆಸೆಂಟೇಶನ್ ಹೊಸದಾಗಿ ಬರೆಯುತ್ತಾರೆ, ದರ ಇಳಿಸುವ ಮಾತು ಬರುತ್ತದೆ.

ಆದರೆ ಆ 40 ಉತ್ತರಗಳನ್ನು ಒಂದೊಂದಾಗಿ ತೆರೆದು ಓದಬೇಕು. ಅವುಗಳಲ್ಲಿ 9 ‘ರಜೆಯಲ್ಲಿದ್ದೇನೆ’ ಎಂದು ಯಂತ್ರವೇ ಕಳಿಸಿದವು. ಇನ್ನು 11 ‘ಬೇಡ, ಮತ್ತೆ ಬರೆಯಬೇಡಿ’ ಎಂಬ ಧಾಟಿಯವು. ನಿಜವಾಗಿ ಏನಾದರೂ ಕೇಳಿದವರು 20 ಜನ. ಕಳಿಸಿದ 600ರಲ್ಲಿ 30 ವಿಳಾಸ ಸರಿಯಿಲ್ಲದೆ ವಾಪಸಾಗಿದ್ದವು, ಮುಟ್ಟಿದ್ದು 570. ಆಸಕ್ತಿಯ ಉತ್ತರವನ್ನಷ್ಟೇ ಎಣಿಸಿದರೆ ರಿಪ್ಲೈ ರೇಟ್ ಶೇ. 3.5ಕ್ಕೆ ಇಳಿಯುತ್ತದೆ. ಕಾಲ್ ರೇಟ್ 20ರಲ್ಲಿ 8, ಅಂದರೆ ಶೇ. 40ಕ್ಕೆ ಏರುತ್ತದೆ. ಮೇಲ್ ಅದೇ, ಜನರೂ ಅವರೇ. ಭಾಗಿಸುವ ಸಂಖ್ಯೆ ಬದಲಾದದ್ದಕ್ಕೆ ಚಿತ್ರವೇ ಬೇರೆಯಾಯಿತು. ಶೀಟು ತುಂಬುವ ಹುಡುಗನಿಗೆ ಯಾವುದನ್ನು ಉತ್ತರ ಎನ್ನಬೇಕೆಂದು ಮೊದಲೇ ಹೇಳಿರದಿದ್ದರೆ ಅವನು ಎಲ್ಲವನ್ನೂ ಉತ್ತರವೆಂದೇ ಬರೆಯುತ್ತಾನೆ. ತಪ್ಪು ಅವನದಲ್ಲ.

ಇನ್ನೊಂದು ಎಡವಟ್ಟು ತಿಂಗಳಿನದು. ಏಪ್ರಿಲ್‌ನ ಕಾಲ್‌ಗಳನ್ನು ಏಪ್ರಿಲ್‌ನ ಉತ್ತರಗಳಿಂದ ಭಾಗಿಸುವುದು ಸುಲಭ, ಹಾಗಾಗಿ ಎಲ್ಲರೂ ಅದನ್ನೇ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಮಾತಿಗೆ ಸಿಕ್ಕವರಲ್ಲಿ ಎಷ್ಟೋ ಮಂದಿಗೆ ಮೇಲ್ ಹೋಗಿದ್ದು ಮಾರ್ಚ್‌ನಲ್ಲಿ. ಆರ್ಡರ್ ಕೊಟ್ಟವರಿಗೆ ಫೆಬ್ರವರಿಯಲ್ಲಿ. ಮೇಲ್ ಜಾಸ್ತಿ ಕಳಿಸಿದ ತಿಂಗಳಲ್ಲಿ ಎಲ್ಲ ರೇಟುಗಳೂ ಕುಸಿದಂತೆ, ಕಳಿಸುವುದನ್ನು ನಿಲ್ಲಿಸಿದ ತಿಂಗಳಲ್ಲಿ ಚಿಗುರಿದಂತೆ ಕಾಣುತ್ತವೆ. ಇದಕ್ಕೆ ಮದ್ದು ಸರಳ. ಒಬ್ಬೊಬ್ಬರಿಗೆ ಒಂದೊಂದು ಸಾಲು ಇಟ್ಟು, ಮೊದಲ ಮೇಲ್ ಹೋದ ದಿನದ ಪ್ರಕಾರ ತಂಡ ಮಾಡಿ, ಆ ತಂಡ ಕೊನೆಗೆ ಎಲ್ಲಿ ತಲುಪಿತು ಎಂದು ನೋಡಬೇಕು. ‘ಯೋಚಿಸಿ ಹೇಳ್ತೀವಿ’ ಎಂದವರನ್ನು ಗೆದ್ದವರಲ್ಲೂ ಸೋತವರಲ್ಲೂ ಸೇರಿಸದೆ ಪ್ರತ್ಯೇಕವಾಗಿ ಇಡಬೇಕು. ಹಾಗೆ ಮಾಡಿದಾಗ ಹೊಸ ತಂಡದ ವಿನ್ ರೇಟ್ ಯಾವಾಗಲೂ ಕಡಿಮೆಯೇ ಇರುತ್ತದೆ, ಏಕೆಂದರೆ ಅದಿನ್ನೂ ಬಲಿತಿಲ್ಲ. ಮೂರು ತಿಂಗಳು ಕಾಯುವ ತಾಳ್ಮೆ ಇಲ್ಲದವರು ಆ ಕಾಲಂ ನೋಡದಿರುವುದೇ ಮೇಲು.

ಈಗ ಸೋರಿಕೆಗೆ ಬರೋಣ. ಆಸಕ್ತಿ ತೋರಿದ 20 ಜನರಲ್ಲಿ 12 ಜನ ಮಾತಿಗೆ ಸಿಗಲಿಲ್ಲ. ಮೈಸೂರಿನವರು ಇದನ್ನು ‘ಸೀರಿಯಸ್ ಇಲ್ಲದ ಪಾರ್ಟಿಗಳು’ ಎಂದು ಬಿಟ್ಟುಬಿಟ್ಟಿದ್ದರು. ಈ 20 ಜನರನ್ನು ದೇಶದ ಪ್ರಕಾರ ಬೇರ್ಪಡಿಸಿದರೆ ಬೇರೆಯೇ ಕಥೆ ಹೊರಬೀಳುತ್ತದೆ. 11 ಜನ ಅಮೆರಿಕದವರು. ಅವರಲ್ಲಿ ಮಾತಿಗೆ ಸಿಕ್ಕವರು ಇಬ್ಬರೇ. ಉಳಿದ 9 ಜನರಲ್ಲಿ 6 ಮಂದಿ ಸಿಕ್ಕಿದ್ದಾರೆ. ಕಂಪನಿ ಎಲ್ಲರಿಗೂ ಕಳಿಸಿದ್ದು ಒಂದೇ ಕ್ಯಾಲೆಂಡರ್ ಲಿಂಕ್, ಅದರಲ್ಲಿ ತೆರೆದಿಟ್ಟಿದ್ದು ನಮ್ಮ ಬೆಳಗ್ಗೆ 10ರಿಂದ ಸಂಜೆ 6. ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ಗಂಟೆ. ಇಂಥ ಲಿಂಕ್‌ಗಳು ನೋಡುವವರ ಊರಿನ ಸಮಯವನ್ನೇ ತೋರಿಸುವುದರಿಂದ, ನ್ಯೂಯಾರ್ಕಿನವರಿಗೆ ಕಂಡಿದ್ದು ನಡುರಾತ್ರಿ 12.30ರಿಂದ ಬೆಳಗ್ಗೆ 8.30ರವರೆಗಿನ ಸಮಯ, ಕ್ಯಾಲಿಫೋರ್ನಿಯಾದವರಿಗೆ ರಾತ್ರಿ 9.30ರಿಂದ ಬೆಳಗಿನ ಜಾವ 5.30. ಟೆಸ್ಟಿಂಗ್ ಬಗ್ಗೆ ಮಾತಾಡಲು ಯಾರೂ ನಿದ್ದೆಗೆಡುವುದಿಲ್ಲ. ಸಮಯ ಸಿಗಲಿಲ್ಲ ಎಂದು ಅವರು ವಾಪಸ್ ಬರೆಯುವುದೂ ಇಲ್ಲ, ಸುಮ್ಮನಾಗುತ್ತಾರೆ. ನಮ್ಮ ಸಂಜೆ 7ರಿಂದ 10 ತೆರೆದಿಟ್ಟರೆ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆ, ಒಳ್ಳೆಯ ಕೆಲಸದ ಹೊತ್ತು. ಕ್ಯಾಲಿಫೋರ್ನಿಯಾದವರಿಗಾಗಿ ಇನ್ನೊಂದೆರಡು ಗಂಟೆ ಎಚ್ಚರವಿರಬೇಕಾದೀತು.

ಪದ್ಧತಿ ತನ್ನ ಬೆಲೆ ತೋರಿಸುವುದು ಇಂಥ ಕಡೆ. ಸೋರಿಕೆ ಕಂಡ ಹಂತದಲ್ಲೇ ಕಾರಣವೂ ಇತ್ತು, ಅದನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದಿತ್ತು. ಕಾಲ್ ರೇಟ್ ಎಂಬ ಕಾಲಂ ಇರದಿದ್ದರೆ ಆ ಒಂಬತ್ತು ಅಮೆರಿಕನ್ನರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವಿನ್ ರೇಟ್ ಅಷ್ಟು ಪ್ರಾಮಾಣಿಕವಲ್ಲ. ಮಲೆನಾಡಿನ ಮನೆಯಲ್ಲಿ ಹೆಂಚು ಒಡೆದದ್ದು ಒಂದು ಕಡೆ, ನೀರು ರೀಪಿನ ಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ. ವಿನ್ ರೇಟಿನಲ್ಲಿ ಕಾಣುವ ಸೋರಿಕೆ ಬಹಳ ಸಲ ಆ ಜಾತಿಯದು. ನಮ್ಮ ಉದಾಹರಣೆಯಲ್ಲಿ ಮೇಲ್ ಮುಟ್ಟಿದ 570 ಕಂಪನಿಗಳಲ್ಲಿ 400 ಹತ್ತು ಜನರಿಗಿಂತ ಚಿಕ್ಕವು, 170 ಅದಕ್ಕಿಂತ ದೊಡ್ಡವು. ಎಂಟು ಕಾಲ್‌ಗಳಲ್ಲಿ ಐದು ಚಿಕ್ಕವರವು; ಒಂದೂ ಆರ್ಡರ್ ಆಗಲಿಲ್ಲ. ಮೂರು ದೊಡ್ಡವರವು, ಒಂದು ಆಯಿತು. ಹಾಗಾದರೆ ಚಿಕ್ಕ ಕಂಪನಿಗಳನ್ನು ಕೈಬಿಡೋಣವೇ? ಸಂಖ್ಯೆ ಇದಕ್ಕೆ ಉತ್ತರ ಕೊಡಲಾರದು. ಚಿಕ್ಕ ಕಂಪನಿಗಳಲ್ಲಿ ಐದಕ್ಕೆ ಒಂದರಂತೆ ಆರ್ಡರ್ ಸಿಗುವುದೇ ನಿಜವಾಗಿದ್ದರೂ, ಸತತ ಐದು ಕಾಲ್ ಬರಿಗೈಯಲ್ಲಿ ಮುಗಿಯುವ ಸಂಭವ ಸುಮಾರು ಮೂರರಲ್ಲಿ ಒಂದು. ಅಷ್ಟು ಸಾಮಾನ್ಯವಾದ ಸಂಗತಿಯನ್ನು ಪುರಾವೆ ಎನ್ನಲಾಗದು. ಎಂಟು ಕಾಲ್‌ಗಳ ಮೇಲೆ ‘ಶೇ. 12.5’ ಎಂದು ದಶಮಾಂಶ ಹಚ್ಚಿ ಬರೆಯುವುದೇ ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ‘ಎಂಟರಲ್ಲಿ ಒಂದು’ ಎಂದು ಬರೆದರೆ ಅದರ ಬಡತನ ಅದರಲ್ಲೇ ಕಾಣುತ್ತದೆ.

ಸಂಖ್ಯೆ ಕೈಕೊಟ್ಟಲ್ಲಿ ಮಾತು ಇದೆ. ಕಾಲ್ ಮಾಡಿದವರು ಬರೆದಿಟ್ಟ ಟಿಪ್ಪಣಿಗಳಲ್ಲಿ ಚಿಕ್ಕ ಕಂಪನಿಗಳ ಐವರೂ ಬೇರೆ ಬೇರೆ ಮಾತಿನಲ್ಲಿ ಒಂದನ್ನೇ ಹೇಳಿದ್ದರೆ, ಅಂದರೆ ಕೋಡ್ ಬರೆದವರೇ ಟೆಸ್ಟ್ ಮಾಡುತ್ತಾರೆ, ಅದಕ್ಕೆಂದು ಬೇರೆ ದುಡ್ಡು ಎತ್ತಿಟ್ಟಿಲ್ಲ ಎಂದಿದ್ದರೆ, ಐದೇ ಆದರೂ ಅದಕ್ಕೆ ತೂಕವಿದೆ. ಆಗ ಸೋರಿಕೆ ಮಾತಿನಲ್ಲೂ ಇಲ್ಲ, ದರದಲ್ಲೂ ಇಲ್ಲ. ಎರಡು ಹಂತ ಹಿಂದೆ, ವಿಳಾಸಗಳ ಪಟ್ಟಿ ಮಾಡಿದ ದಿನವೇ ಆಗಿಹೋಗಿದೆ. ಒಬ್ಬರು ದುಬಾರಿ ಎಂದು, ಇನ್ನೊಬ್ಬರು ವರದಿಯ ಮಾದರಿ ಹಿಡಿಸಲಿಲ್ಲವೆಂದು, ಮತ್ತೊಬ್ಬರು ಈಗ ಬೇಡವೆಂದು ಹೇಳಿದ್ದರೆ ಪಟ್ಟಿಯನ್ನು ದೂರುವಂತಿಲ್ಲ. ‘ಸೋತದ್ದೇಕೆ’ ಎಂಬ ಕಾಲಂನಲ್ಲಿ ಗಿರಾಕಿಯ ಮಾತನ್ನು ಅವರದೇ ಶಬ್ದಗಳಲ್ಲಿ ಬರೆದಿಡದ ಶೀಟು ನನ್ನ ಪ್ರಕಾರ ಅರ್ಧ ಶೀಟು.

ಈ ಪದ್ಧತಿಯ ಗಣಿತದಲ್ಲಿ ಒಂದು ಆಮಿಷವೂ ಅಡಗಿದೆ. ಮೂರು ರೇಟುಗಳನ್ನು ಗುಣಿಸಿದರೆ ಕೊನೆಯ ಫಲ ಬರುತ್ತದೆ, ಹಾಗಾಗಿ ಯಾವುದೇ ಒಂದನ್ನು ಇಮ್ಮಡಿ ಮಾಡಿದರೂ ಆರ್ಡರ್ ಇಮ್ಮಡಿಯಾಗಬೇಕು. ಅತಿ ಸುಲಭವಾಗಿ ಏರಿಸಬಹುದಾದದ್ದು ರಿಪ್ಲೈ ರೇಟ್. ‘ನಿಮ್ಮ ಆ್ಯಪ್‌ನಲ್ಲಿ ಒಂದು ದೊಡ್ಡ ದೋಷ ಸಿಕ್ಕಿದೆ’ ಎಂಬ ಸಬ್ಜೆಕ್ಟ್ ಹಾಕಿ ನೋಡಿ, ಗಾಬರಿಗೊಂಡಾದರೂ ಉತ್ತರಿಸುತ್ತಾರೆ. ಆದರೆ ಮೂರು ಹಂತಗಳು ಒಂದಕ್ಕೊಂದು ಸಂಬಂಧವಿಲ್ಲದವೆಂದು ಈ ಗುಣಾಕಾರ ಎಣಿಸಿಕೊಂಡಿದೆ. ಗಾಬರಿಯಿಂದ ಬಂದವರು ದೋಷ ಯಾವುದೆಂದು ತಿಳಿದುಕೊಂಡು ಹೋಗುತ್ತಾರೆ. ಉತ್ತರ ಇಮ್ಮಡಿಯಾಗುತ್ತದೆ, ವಿನ್ ರೇಟ್ ಅರ್ಧಕ್ಕಿಳಿಯುತ್ತದೆ, ಆರ್ಡರ್ ಇದ್ದಷ್ಟೇ ಇರುತ್ತದೆ; ಹೆಚ್ಚಾದದ್ದು ಕಾಲ್‌ಗಳಲ್ಲಿ ಕಳೆದ ಸಂಜೆಗಳು ಮಾತ್ರ. ಜತೆಗೆ ಸಿಟ್ಟಿಗೆದ್ದ ಕೆಲವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮಗಳಲ್ಲಿ ಗೂಗಲ್, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು, ಶೇ. 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು ಎಂದು ಹೇಳಿದೆ. ಸಾವಿರ ಮೇಲ್‌ಗೆ ಮೂರು ದೂರು ಎಂದರೆ ದೊಡ್ಡ ಸಂಖ್ಯೆಯೇನಲ್ಲ.

ದೂರುಗಳು ಮಿತಿಮೀರಿದ್ದು ಹೇಗೆ ಗೊತ್ತಾಗುತ್ತದೆ? ರಿಪ್ಲೈ ರೇಟ್ ಬಿದ್ದ ಬಗೆಯನ್ನು ನೋಡಬೇಕು. ಒಂದು ಪಟ್ಟಿಗೆ ಮಾತ್ರ ಬಿದ್ದಿದ್ದರೆ ಪಟ್ಟಿಯನ್ನೋ ಒಕ್ಕಣೆಯನ್ನೋ ಶಂಕಿಸಬಹುದು. ಎಲ್ಲ ಪಟ್ಟಿಗಳಿಗೂ ಒಂದೇ ವಾರದಲ್ಲಿ ಬಿದ್ದಿದ್ದರೆ, ಅದರಲ್ಲೂ ಗೂಗಲ್‌ನ ಮೇಲ್ ಬಳಸುವವರು ಪೂರ್ತಿ ಮೌನವಾಗಿ ಮೈಕ್ರೋಸಾಫ್ಟ್‌ನದು ಬಳಸುವವರು ಎಂದಿನಂತೆ ಉತ್ತರಿಸುತ್ತಿದ್ದರೆ, ಮೌನವಾದವರ ಕಣ್ಣಿಗೆ ಮೇಲ್ ಬೀಳುತ್ತಲೇ ಇಲ್ಲ. ಆಗ ಒಕ್ಕಣೆ ತಿದ್ದುತ್ತ ಕೂರುವುದು ವ್ಯರ್ಥ.

ಮೈಸೂರಿನವರು ಮುಂದಿನ ಸಲ ಏನು ಮಾಡಬೇಕು? ಒಕ್ಕಣೆಯನ್ನು ಮುಟ್ಟದೆ, ದೊಡ್ಡ ಕಂಪನಿಗಳಿಗಷ್ಟೇ 300 ಮೇಲ್ ಕಳಿಸಲಿ, ಕ್ಯಾಲೆಂಡರ್‌ನಲ್ಲಿ ಸಂಜೆಯ ಹೊತ್ತು ತೆರೆದಿಡಲಿ. ಮೊದಲ ಸಲ ದೊಡ್ಡ ಕಂಪನಿಗಳ 170ರಲ್ಲಿ 8 ಜನ ಆಸಕ್ತಿ ತೋರಿದ್ದರು. ಅದೇ ಪ್ರಮಾಣ ಉಳಿದರೆ ಈ ಸಲ ಸುಮಾರು 14 ಜನ ಸಿಗಬೇಕು. ಅವರಲ್ಲಿ ಅಮೆರಿಕದವರು ಎಷ್ಟು, ಮಾತಿಗೆ ಸಿಕ್ಕವರು ಎಷ್ಟು ಎಂದು ಪ್ರತ್ಯೇಕವಾಗಿ ನೋಡಿದರೆ ಕ್ಯಾಲೆಂಡರ್‌ನ ಸಂಗತಿ ಒಂದು ತಿಂಗಳಲ್ಲಿ ಇತ್ಯರ್ಥವಾಗುತ್ತದೆ. ಪಟ್ಟಿಯ ಸಂಗತಿ ಹಾಗಲ್ಲ. ಈ ಗುಂಪಿನಿಂದ ಎಂಟೊಂಬತ್ತು ಕಾಲ್ ಆಗಿ ಎರಡೋ ಮೂರೋ ಆರ್ಡರ್ ಬಂದರೂ ಹಿಂದಿನದಕ್ಕಿಂತ ಇದು ನಿಜವಾಗಿಯೂ ಮೇಲೋ ಅಥವಾ ಅದೃಷ್ಟವೋ ಎಂದು ಹೇಳಲು ಇನ್ನೂ ಎರಡು ತಂಡಗಳಾದರೂ ಬೇಕು. ಅಲ್ಲಿಯವರೆಗೆ ಆ ಕಾಲಂನಲ್ಲಿ ಶೇಕಡಾ ಚಿಹ್ನೆ ಬೇಡ. ಎಷ್ಟರಲ್ಲಿ ಎಷ್ಟು ಎಂಬುದೂ, ಪಕ್ಕದಲ್ಲಿ ಅವರು ಹೇಳಿದ ಕಾರಣವೂ ಇದ್ದರೆ ಸಾಕು.