ಗಡುವು ನೌಕರರಿಗೆ, ಹೊಣೆ ಯಾರಿಗೆ?

ಡಿಸೆಂಬರ್ ಹತ್ತಿರವಾದಂತೆ ಒಂಟಿಕೊಪ್ಪಲಿನಿಂದ ಹೆಬ್ಬಾಳದ ಕಡೆಗೆ ಕೆಲಸಕ್ಕೆ ಹೋಗುವವರ ಫೋನಿಗೆ ಒಂದು ಇಮೇಲ್ ಬರತೊಡಗುತ್ತದೆ. ಲೈಂಗಿಕ ಕಿರುಕುಳ ತಡೆ ತರಬೇತಿಯನ್ನು 31ರೊಳಗೆ ಕಡ್ಡಾಯವಾಗಿ ಮುಗಿಸಿ, ಇಲ್ಲವಾದರೆ ನಿಮ್ಮ ಮ್ಯಾನೇಜರ್‌ಗೆ ವಿಷಯ ಹೋಗುತ್ತದೆ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ ಎಂದು ಅದರಲ್ಲಿರುತ್ತದೆ. ಒಮ್ಮೆ ಬಂದದ್ದು ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಎಲ್ಲರೂ ಮುಗಿಸಿದರು ಅಂದಾಗ ಎಚ್‌ಆರ್ ವಿಭಾಗಕ್ಕೆ ನೆಮ್ಮದಿ. ನೌಕರರು ಸೋಮಾರಿಗಳು, ಬೆನ್ನು ಹತ್ತದಿದ್ದರೆ ಕಾನೂನು ಪಾಲನೆ ಆಗುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆಯೇ.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯ 19ನೇ ಸೆಕ್ಷನ್ ಹೊಣೆ ಹೊರಿಸಿರುವುದು ನೌಕರರ ಮೇಲಲ್ಲ, ಮಾಲೀಕರ ಮೇಲೆ. ಆಗಾಗ ಕಾರ್ಯಾಗಾರ, ಜಾಗೃತಿ ಕಾರ್ಯಕ್ರಮ ನಡೆಸಬೇಕಾದವರು ಅವರು. ಆಂತರಿಕ ಸಮಿತಿ ರಚಿಸಿದ ಆದೇಶವನ್ನೂ ಕಿರುಕುಳಕ್ಕೆ ಇರುವ ಶಿಕ್ಷೆಯನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕಾದವರೂ ಅವರೇ. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗಿನ ದಂಡ ಬೀಳುವುದೂ ಅವರ ಮೇಲೆ. ತರಬೇತಿಯ ವಿಡಿಯೊ ನೋಡದ ನೌಕರನಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯೇ ಇಲ್ಲ. ಡಿಸೆಂಬರ್ 31 ಎಂಬ ದಿನಾಂಕವೂ ತರಬೇತಿಯ ಗಡುವಾಗಿ ಕಾಯ್ದೆಯಲ್ಲಿಲ್ಲ. ಆಂತರಿಕ ಸಮಿತಿ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಮಾಲೀಕರಿಗೂ ಜಿಲ್ಲಾಧಿಕಾರಿಗೂ ವರದಿ ಕೊಡಬೇಕು. ಎಷ್ಟು ದೂರು ಬಂದವು, ಎಷ್ಟು ಇತ್ಯರ್ಥವಾದವು, 90 ದಿನ ಮೀರಿ ಎಷ್ಟು ಉಳಿದವು, ಎಷ್ಟು ಕಾರ್ಯಾಗಾರ ನಡೆದವು ಎಂಬ ವಿವರ ಆ ವರದಿಯಲ್ಲಿರಬೇಕು. ನಿಯಮ ಕೇಳುವುದು ನಡೆದ ಕಾರ್ಯಾಗಾರಗಳ ಸಂಖ್ಯೆಯನ್ನು. ನೂರಕ್ಕೆ ನೂರು ನೌಕರರು ಕ್ಲಿಕ್ ಮಾಡಿದರೋ ಇಲ್ಲವೋ ಎಂಬ ಲೆಕ್ಕ ಕಂಪನಿಗಳೇ ಮಾಡಿಕೊಂಡ ಏರ್ಪಾಡು.

ಹಾಗೆಂದು ಗಡುವೇ ಬೇಡ ಎನ್ನುವುದಿಲ್ಲ. ದಿನಾಂಕವಿಲ್ಲದ ಕೆಲಸವನ್ನು ಯಾರೂ ಮುಗಿಸುವುದಿಲ್ಲ ಎಂಬುದು ನಿಜವೇ. ಆದರೆ ವರ್ಷಾಂತ್ಯದ ಗಡುವು ಯಾರಿಗೆ ಅನುಕೂಲ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿಟ್ಟು ನೋಡಿ. ಜುಲೈಯಲ್ಲಿ ಸೇರಿದ ಹುಡುಗಿಯೊಬ್ಬಳಿಗೆ ಸೆಪ್ಟೆಂಬರ್ 10ರಂದು ತಂಡದ ಮುಖ್ಯಸ್ಥನಿಂದ ಕಿರುಕುಳವಾಯಿತು. ಹೇಳುವುದು ಯಾರಿಗೆ ಎಂದು ತಿಳಿಯದೆ ಸುಮ್ಮನಾದಳು. ಕಡ್ಡಾಯ ತರಬೇತಿಯನ್ನು ಎಲ್ಲರಂತೆ ಕೊನೆಗೆ, ಡಿಸೆಂಬರ್ 30ಕ್ಕೆ ಮುಗಿಸಿದಳು. ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು ಎಂಬುದು ಅಲ್ಲಿ ತಿಳಿಯಿತು. ಆ ಮೂರು ತಿಂಗಳು ಡಿಸೆಂಬರ್ 10ಕ್ಕೇ ಮುಗಿದಿತ್ತು. ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಧಿ ವಿಸ್ತರಿಸಬಹುದು, ನಿಜ. ಆದರೆ ಅವಧಿಯೊಳಗೆ ದೂರು ಕೊಡಲು ಆಕೆಯ ಪರಿಸ್ಥಿತಿ ಬಿಡಲಿಲ್ಲ ಎಂದು ಸಮಿತಿಗೆ ಮನವರಿಕೆಯಾಗಬೇಕು, ಕಾರಣವನ್ನು ಬರೆದು ದಾಖಲಿಸಬೇಕು. ಕಂಪನಿ ತನ್ನ ಗಡುವನ್ನು ಪಾಲಿಸಿತು, ಆಕೆಯ ಗಡುವು ಮೀರಿಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಆಕೆಯ ಹೆಸರಿನ ಮುಂದೆ ಹಸಿರು ಗುರುತು.

ಇನ್ನು ಆ ಇಮೇಲಿನ ಕೊನೆಯಲ್ಲಿರುವ ಸಂಪರ್ಕ ಸಂಖ್ಯೆ. ಅದು ಸಾಮಾನ್ಯವಾಗಿ ಪಾಸ್‌ವರ್ಡ್ ಮರೆತವರಿಗೆ, ವಿಡಿಯೊ ಅರ್ಧಕ್ಕೆ ನಿಂತವರಿಗೆ, ಸರ್ಟಿಫಿಕೇಟ್ ಇಳಿಯದವರಿಗೆ ಇರುವ ಹೆಲ್ಪ್‌ಡೆಸ್ಕ್. ಕಿರುಕುಳದ ಕುರಿತ ಪಾಠ ಮುಗಿಸಿ ನಿಜವಾಗಿಯೂ ಸಹಾಯ ಬೇಕೆನಿಸಿದವಳಿಗೆ ಅಲ್ಲಿ ಸಿಗುವುದು ಐಟಿ ವಿಭಾಗ! ಆಂತರಿಕ ಸಮಿತಿಯ ಅಧ್ಯಕ್ಷೆ ಯಾರು, ಹೊರಗಿನ ಸದಸ್ಯರು ಯಾರು, ಅವರನ್ನು ತಲುಪುವುದು ಹೇಗೆ ಎಂಬ ಎರಡು ಸಾಲು ಸೇರಿಸಲು ಖರ್ಚೇನೂ ಇಲ್ಲ. ಹೆಸರು ಹಾಕಿದರೆ ದೂರುಗಳು ಬಂದಾವು ಎಂಬ ಅಂಜಿಕೆ ಇರಬಹುದೆಂದು ನನ್ನ ಅನುಮಾನ.

ನೂರಕ್ಕೆ ನೂರು ಎಂಬ ಲೆಕ್ಕವೂ ಪೂರ್ತಿಯಲ್ಲ. ಕಸ ಗುಡಿಸುವವರು, ಭದ್ರತಾ ಸಿಬ್ಬಂದಿ, ಕ್ಯಾಂಟೀನಿನವರು ಏಜೆನ್ಸಿಯ ಮೂಲಕ ಬಂದವರು. ಕಾಯ್ದೆಯ ಪ್ರಕಾರ ಅವರೂ ನೌಕರರೇ, ಕೆಲಸ ಕಲಿಯಲು ಬಂದವರೂ ನೌಕರರೇ. ಆದರೆ ಕಂಪನಿಯ ಇಮೇಲ್ ವಿಳಾಸವಿಲ್ಲದವರು ಡ್ಯಾಶ್‌ಬೋರ್ಡಿಗೆ ಬರುವುದಿಲ್ಲ. ಅವರನ್ನು ಬಿಟ್ಟೇ ಶೇಕಡಾವಾರು ಹಾಕಲಾಗುತ್ತದೆ. ಒಂಟಿಕೊಪ್ಪಲಿನ ಸಣ್ಣ ಕ್ಲಿನಿಕ್ಕು, ಟ್ಯೂಷನ್ ಕೇಂದ್ರ, ಅಂಗಡಿಗಳ ಕಥೆ ಬೇರೆ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯವಲ್ಲ, ದೂರು ಹೋಗಬೇಕಾದದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ. ಅಲ್ಲಿ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳಿಗೆ ಇಂಥ ಇಮೇಲೂ ಬರುವುದಿಲ್ಲ.

ಆದ್ದರಿಂದ ಈ ಇಮೇಲನ್ನು ತಿದ್ದುವುದಾದರೆ ಮೊದಲು ದಿನಾಂಕ ಬದಲಾಗಲಿ. ಕೆಲಸಕ್ಕೆ ಸೇರಿದ ವಾರದಲ್ಲೇ ತರಬೇತಿ ನಡೆಯಲಿ, ವರ್ಷದ ಕೊನೆಗಲ್ಲ. ಏಜೆನ್ಸಿಯವರಿಗೆ ಶಿಫ್ಟ್ ಬದಲಾಗುವ ಹೊತ್ತಿಗೆ ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿ ತಿಳಿಸಲಿ. ಇಮೇಲಿನ ಮೊದಲ ಸಾಲಿನಲ್ಲಿ ಸಮಿತಿಯವರ ಹೆಸರು ಮತ್ತು ಫೋನ್ ಇರಲಿ, ಎರಡನೇ ಸಾಲಿನಲ್ಲಿ ಮೂರು ತಿಂಗಳ ಅವಧಿ. ಪಾಸ್‌ವರ್ಡಿನ ಹೆಲ್ಪ್‌ಡೆಸ್ಕ್ ಕೊನೆಗೆ ಬರಲಿ. ಮುಗಿಸದವರ ಪಟ್ಟಿಯನ್ನು ಮ್ಯಾನೇಜರ್‌ಗೆ ಕಳಿಸುವಾಗಲೇ, ಆ ವರ್ಷ ಸಮಿತಿ ಎಷ್ಟು ಬಾರಿ ಸಭೆ ಸೇರಿತು ಎಂಬುದನ್ನು ನೌಕರರಿಗೂ ತಿಳಿಸಲಿ.