ಮೊದಲ ಕೆಲಸಗಾರರಿಗೆ ಕರೆ: ತಾಲ್ಲೂಕು ಕೇಂದ್ರದ ನೇಮಕಾತಿ ಪ್ರಕಟಣೆಯ ವಿಮರ್ಶೆ

ನಂಜನಗೂಡು, ತಿರುಮಕೂಡಲು ನರಸೀಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಸಣ್ಣ ವ್ಯಾಪಾರಿಯೊಬ್ಬರು ಮೊದಲ ಬಾರಿಗೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲು ಹೊರಟಾಗ, ಆ ಸುದ್ದಿ ಊರಿಗೆ ತಲುಪುವುದು ಬಹುಮಟ್ಟಿಗೆ ಆಟೋದ ಮೇಲಿನ ಧ್ವನಿವರ್ಧಕದಿಂದ, ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಸಾಗುವ ಧ್ವನಿಮುದ್ರಣದಿಂದ ಅಥವಾ ಅಂಗಡಿಯ ಬಾಗಿಲಿಗೆ ಅಂಟಿಸಿದ ಹಾಳೆಯಿಂದ. ಈ ಮೂರಕ್ಕೂ ಆಧಾರವಾಗಿರುವುದು ನಾಲ್ಕಾರು ವಾಕ್ಯಗಳ ಒಂದು ಬರಹ. ಅದು ಬರಹವೆಂದು ಯಾರ ಗಮನಕ್ಕೂ ಬಾರದಷ್ಟು ಚಿಕ್ಕದಾದರೂ, ಅದರಲ್ಲಿ ಏನನ್ನು ಹೇಳಲಾಗಿದೆ, ಏನನ್ನು ಬಿಡಲಾಗಿದೆ ಎಂಬುದರ ಮೇಲೆ ಒಬ್ಬರ ಜೀವನೋಪಾಯದ ನಿರ್ಧಾರ ನಿಂತಿರುತ್ತದೆ.

ಮೊದಲ ಕೆಲಸಗಾರರನ್ನು ಕರೆಯುವ ಪ್ರಕಟಣೆಯನ್ನು ಕಾರ್ಖಾನೆಯ ನೇಮಕಾತಿ ಪ್ರಕಟಣೆಯ ಅಳತೆಯಲ್ಲಿ ತೂಗಲಾಗದು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ಜನ ಬೇಕೆಂದು ಹೇಳಿ ಸಂಬಳದ ಮಾತನ್ನು ಎತ್ತದಿದ್ದರೂ, ಅಲ್ಲಿ ಈಗಾಗಲೇ ದುಡಿಯುತ್ತಿರುವ ನೆರೆಮನೆಯವರನ್ನೋ ನೆಂಟರನ್ನೋ ಕೇಳಿ ಪಾಳಿ ಎಷ್ಟು ಗಂಟೆಯದು, ಸಂಬಳ ಯಾವ ತಾರೀಖಿಗೆ ಬರುತ್ತದೆ, ಮೇಲ್ವಿಚಾರಕರು ಹೇಗೆ ಎಂದು ತಿಳಿದುಕೊಳ್ಳಲು ದಾರಿಯಿದೆ. ಮೊದಲ ಕೆಲಸಗಾರರಿಗೆ ಈ ದಾರಿಯಿಲ್ಲ, ಏಕೆಂದರೆ ಅವರಿಗಿಂತ ಮೊದಲು ಅಲ್ಲಿ ಯಾರೂ ದುಡಿದಿಲ್ಲ. ಆದ್ದರಿಂದ ಪ್ರಕಟಣೆ ಬಿಟ್ಟುಹೋದ ಪ್ರತಿಯೊಂದು ಸಂಗತಿಯನ್ನೂ ಕೆಲಸ ಹುಡುಕುವವರು ಬಸ್ಸು ಹತ್ತಿ ಬಂದು, ಅರ್ಧ ದಿನದ ಕೂಲಿ ಕಳೆದುಕೊಂಡು, ಮಾಲೀಕರನ್ನು ಮುಖಾಮುಖಿಯಾಗಿ ಕೇಳಿಯೇ ತಿಳಿಯಬೇಕಾಗುತ್ತದೆ. ಕೇಳಿಸಿಕೊಂಡವರು ಮನೆಯಲ್ಲೇ ಕುಳಿತು, ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬಹುದು ಎಂಬ ಎರಡು ಲೆಕ್ಕಗಳನ್ನು ಹಾಕಲು ಸಾಧ್ಯವಾಗುವುದೇ ಎಂಬುದು ಇಂತಹ ಪ್ರಕಟಣೆಯ ಯೋಗ್ಯತೆಯನ್ನು ಅಳೆಯುವ ಸರಿಯಾದ ಮಾನದಂಡ.

ಈ ಮಾನದಂಡವನ್ನು ಪರೀಕ್ಷಿಸಲು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ನಂಜನಗೂಡಿನಲ್ಲಿ ಗಾಣದ ಎಣ್ಣೆ ತೆಗೆದು ಮಾರುವ ಅಂಗಡಿಯೊಂದಿದ್ದು, ಇಷ್ಟು ದಿನ ಗಾಣವನ್ನೂ ಗಲ್ಲಾಪೆಟ್ಟಿಗೆಯನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದ ಮಾಲೀಕರಿಗೆ ಈಗ ಒಬ್ಬ ಸಹಾಯಕರು ಬೇಕಾಗಿದ್ದಾರೆ ಎಂದಿರಲಿ. ಚಾಲ್ತಿಯಲ್ಲಿರುವ ಶೈಲಿಯ ಪ್ರಕಟಣೆ ಹೀಗಿರುತ್ತದೆ: “ನಂಜನಗೂಡು ಹಾಗೂ ತಿ. ನರಸೀಪುರದ ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ. ಹೆಸರಾಂತ ಗಾಣದ ಎಣ್ಣೆ ಸಂಸ್ಥೆಗೆ ಉತ್ಸಾಹಿ ಹುಡುಗರು ತಕ್ಷಣ ಬೇಕಾಗಿದ್ದಾರೆ. ಅನುಭವಕ್ಕೆ ತಕ್ಕ ಆಕರ್ಷಕ ಸಂಬಳ, ಪಿಎಫ್, ಇಎಸ್‌ಐ ಸೌಲಭ್ಯವಿದೆ. ಆಸಕ್ತರು ಕೂಡಲೇ ಸಂಪರ್ಕಿಸಿ.”

ಈ ಪಠ್ಯದ ಅತಿ ದೊಡ್ಡ ಕೊರತೆ ಸ್ಥಳದ ವಿಷಯದಲ್ಲಿದೆ. ಎರಡೂ ಊರುಗಳ ಹೆಸರು ಬಂದಿದ್ದರೂ ಕೆಲಸ ಇರುವುದು ಎಲ್ಲಿ ಎಂಬುದು ಇದರಿಂದ ತಿಳಿಯುವುದಿಲ್ಲ, ಏಕೆಂದರೆ ಆ ಹೆಸರುಗಳು ಕೇಳುಗರನ್ನು ಕರೆಯಲು ಬಳಕೆಯಾಗಿವೆಯೇ ಹೊರತು ಅಂಗಡಿಯನ್ನು ಗುರುತಿಸಲು ಅಲ್ಲ. ನರಸೀಪುರದ ಬೀದಿಯಲ್ಲಿ ಇದನ್ನು ಕೇಳಿದವರು ಅಂಗಡಿ ತಮ್ಮ ಊರಿನಲ್ಲೇ ಇದೆಯೆಂದು ತಿಳಿದರೆ ಅದು ಅವರ ತಪ್ಪಲ್ಲ. ಕೇವಲ “ನಂಜನಗೂಡಿನಲ್ಲಿ” ಎಂದರೂ ಸಾಲದು. ಅದು ಶ್ರೀಕಂಠೇಶ್ವರ ದೇವಸ್ಥಾನದ ಸುತ್ತಲಿನ ಪೇಟೆಯಾಗಿರಬಹುದು, ಊರ ಹೊರಗಿನ ಕೈಗಾರಿಕಾ ಪ್ರದೇಶವಾಗಿರಬಹುದು, ತಾಲ್ಲೂಕಿಗೆ ಸೇರಿದ ತಾಂಡವಪುರವೂ ಆಗಿರಬಹುದು. ನರಸೀಪುರವೆಂದರೂ ಇದೇ ತೊಡಕು: ಬನ್ನೂರು, ತಲಕಾಡು, ಮೂಗೂರು ಎಲ್ಲವೂ ಆ ತಾಲ್ಲೂಕಿಗೇ ಸೇರಿದ್ದರೂ ಒಂದೊಂದರ ಬಸ್ಸಿನ ದಾರಿ ಬೇರೆ. ಪೇಟೆಯ ಜನ ಬೀದಿಯ ಹೆಸರಿಗಿಂತ ಗುರುತಿನಿಂದ ಜಾಗ ಹುಡುಕುವುದರಿಂದ, ಬಸ್ ನಿಲ್ದಾಣದಿಂದ ನಡೆದು ಎಷ್ಟು ಹೊತ್ತು, ಯಾವ ಕಟ್ಟಡದ ಎದುರು ಎಂಬ ಎರಡು ಮಾತು ಇದ್ದರೆ ಸ್ಥಳ ಸ್ಪಷ್ಟವಾಗುತ್ತದೆ.

ಸ್ಥಳ ಸ್ಪಷ್ಟವಾಗದೆ ಸಂಬಳದ ಅರ್ಥವೂ ಸ್ಪಷ್ಟವಾಗುವುದಿಲ್ಲ. ಲೆಕ್ಕಕ್ಕಾಗಿ ತಿಂಗಳಿಗೆ 16,000 ರೂಪಾಯಿ ಸಂಬಳ, ವಾರಕ್ಕೊಂದು ರಜೆ, ತಿಂಗಳಿಗೆ 26 ದಿನದ ಕೆಲಸ ಎಂದು ಇಟ್ಟುಕೊಂಡರೆ ದಿನಕ್ಕೆ ಸುಮಾರು 615 ರೂಪಾಯಿ ಬೀಳುತ್ತದೆ. ನಂಜನಗೂಡಿನ ಪೇಟೆಯಲ್ಲೇ ಇರುವವರಿಗೆ ಅದಷ್ಟೂ ಉಳಿಯುತ್ತದೆ. ನರಸೀಪುರದ ಕಡೆಯಿಂದ ಬರುವ ಗಂಡಸಿಗೆ ಬಸ್ಸಿಗೆ ಒಂದು ಕಡೆಗೆ 40 ರೂಪಾಯಿ ತಗಲುತ್ತದೆಂದು ಭಾವಿಸಿದರೆ ತಿಂಗಳಿಗೆ 2,080 ರೂಪಾಯಿ ದಾರಿಯಲ್ಲೇ ಕರಗಿ, ಕೈಯಲ್ಲಿ ಉಳಿಯುವುದು 13,920 ಮಾತ್ರ. ಅದೇ ಊರಿನಿಂದ ಬರುವ ಹೆಣ್ಣುಮಗಳು, ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ 16,000ವನ್ನೂ ಮನೆಗೆ ಒಯ್ಯಬಲ್ಲಳು. ಹೀಗೆ ಒಂದೇ ಸಂಬಳ ಮೂವರ ಕೈಯಲ್ಲಿ ಒಂದೇ ಮೊತ್ತವಾಗಿ ಉಳಿಯುವುದಿಲ್ಲ. ನಂಜನಗೂಡಿಗೆ ಮೈಸೂರು–ಚಾಮರಾಜನಗರ ರೈಲುಮಾರ್ಗವಿದೆ, ನರಸೀಪುರಕ್ಕೆ ರೈಲೇ ಇಲ್ಲ. ಆದ್ದರಿಂದ ನರಸೀಪುರದವರಿಗೆ ಸಂಜೆ ಅಂಗಡಿ ಮುಚ್ಚುವ ಹೊತ್ತು ಬಸ್ಸಿನ ವೇಳೆಗೆ ಹೊಂದದಿದ್ದರೆ, ಎಷ್ಟೇ ಒಳ್ಳೆಯ ಸಂಬಳವಾದರೂ ಕೆಲಸದಲ್ಲಿ ಉಳಿಯಲಾಗುವುದಿಲ್ಲ. ಮಾಲೀಕರು ಯಾರು ಸೇರಬಲ್ಲರು, ಯಾರು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುತ್ತಾರೆ ಎಂಬುದನ್ನು ಊಹಿಸಬಹುದಾದ ಲೆಕ್ಕ ಇದೇ ಆದರೂ, ಬಹುಪಾಲು ಪ್ರಕಟಣೆಗಳು ಅದಕ್ಕೆ ಬೇಕಾದ ಸಂಖ್ಯೆಯನ್ನೇ ಕೊಡುವುದಿಲ್ಲ.

“ಆಕರ್ಷಕ ಸಂಬಳ” ಎಂಬ ಮಾತಿನ ಹಿಂದೆ ಮಾಲೀಕರ ಕಡೆಯ ಅಂಜಿಕೆಯೂ ಇದೆ. ಮೊತ್ತ ಹೇಳಿಬಿಟ್ಟರೆ ಅಕ್ಕಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತದೆ, ಕಡಿಮೆಗೆ ಒಪ್ಪುವವರು ಸಿಕ್ಕಿದ್ದರೂ ಹೆಚ್ಚು ಕೊಡಬೇಕಾಗುತ್ತದೆ ಎಂಬ ಆ ಅಂಜಿಕೆ ಅರ್ಥವಾಗದ್ದೇನಲ್ಲ. ಆದರೆ ಮೊತ್ತ ಹೇಳದ ಪ್ರಕಟಣೆಗೆ ಬರುವ ಕರೆಗಳಲ್ಲಿ ಬಹುತೇಕ ಮೊದಲ ಪ್ರಶ್ನೆ ಸಂಬಳದ್ದೇ ಆಗಿರುವುದರಿಂದ, ಮುಚ್ಚಿಟ್ಟ ಸಂಗತಿ ಹೇಗೂ ಹೊರಬೀಳುತ್ತದೆ. ನಡುವೆ ಮಾಲೀಕರು ಗಾಣ ನಿಲ್ಲಿಸಿ ಕರೆಗಳಿಗೆ ಉತ್ತರಿಸಿದ್ದಷ್ಟೇ ಲಾಭ. ಇದಕ್ಕಿಂತ ಗಂಭೀರವಾದ ವಿಷಯ ಕನಿಷ್ಠ ವೇತನದ್ದು. ಯಾವ ಉದ್ಯೋಗಕ್ಕೆ, ಯಾವ ವಲಯದಲ್ಲಿ ಎಷ್ಟಕ್ಕಿಂತ ಕಡಿಮೆ ಕೊಡಬಾರದೆಂದು ರಾಜ್ಯ ಸರ್ಕಾರ ಗೊತ್ತುಪಡಿಸುವ ಈ ದರದಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಸೇರಿಸುವ ತುಟ್ಟಿಭತ್ಯೆಯ ಭಾಗ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಹಾಗಾಗಿ ಹಿಂದಿನ ವರ್ಷ ಯಾರೋ ಓದಿಸಿದ ಪ್ರಕಟಣೆಯ ಮೊತ್ತವನ್ನು ನಕಲು ಮಾಡಿದವರು ತಿಳಿಯದೆಯೇ ಕಾನೂನಿನ ಮಿತಿಗಿಂತ ಕೆಳಗೆ ಬೀಳಬಹುದು. ಇಲ್ಲಿ ಲೆಕ್ಕಕ್ಕೆ ಹಿಡಿದ 16,000ವನ್ನೂ ಆಯಾ ವರ್ಷದ ದರದೊಂದಿಗೆ ಹೋಲಿಸಿ ನೋಡದೆ ಯಾರೂ ಓದಿಸಬಾರದು.

ಪಿಎಫ್ ಮತ್ತು ಇಎಸ್‌ಐ, ಅಂದರೆ ಭವಿಷ್ಯನಿಧಿ ಮತ್ತು ಕಾರ್ಮಿಕರ ರಾಜ್ಯ ವಿಮೆ, ಆ ಚಾಲ್ತಿಯ ಪಠ್ಯದೊಳಗೆ ಬಂದದ್ದು ಕಾರ್ಖಾನೆಯ ಪ್ರಕಟಣೆಗಳ ಅನುಕರಣೆಯಿಂದ. ಮೊದಲನೆಯದು ಸಾಮಾನ್ಯವಾಗಿ 20 ಮಂದಿ ದುಡಿಯುವ ಕಡೆ, ಎರಡನೆಯದು 10 ಮಂದಿ ದುಡಿಯುವ ಕಡೆ ಕಡ್ಡಾಯವಾಗುವುದರಿಂದ, ಒಬ್ಬರೇ ಕೆಲಸಗಾರರಿರುವ ಅಂಗಡಿಯಲ್ಲಿ ಮಾಲೀಕರು ತಾವಾಗಿ ನೋಂದಾಯಿಸದ ಹೊರತು ಈ ಭರವಸೆಗೆ ಆಧಾರವಿಲ್ಲ. ಅದನ್ನು ಕೈಬಿಟ್ಟು, 25,000 ರೂಪಾಯಿಗಿಂತ ಕಡಿಮೆ ಸಂಬಳಕ್ಕೆ ರಾಜ್ಯದಲ್ಲಿ ವೃತ್ತಿ ತೆರಿಗೆಯೂ ಇಲ್ಲದಿರುವುದರಿಂದ, “ಹೇಳಿದಷ್ಟೂ ಕೈಗೆ” ಎನ್ನುವುದು ಹೆಚ್ಚು ಸತ್ಯವಾದ ಮಾತಾಗುತ್ತದೆ.

ಕೆಲಸದ ವಿವರ ಆ ಪಠ್ಯದಲ್ಲಿ ಇಲ್ಲವೇ ಇಲ್ಲ, ಮತ್ತು ಮೊದಲ ನೇಮಕದಲ್ಲಿ ಇದು ಸಂಬಳದಷ್ಟೇ ಜಗಳಕ್ಕೆ ಕಾರಣವಾಗುವ ಸಂಗತಿ. ಇಷ್ಟು ದಿನ ಎಲ್ಲವನ್ನೂ ತಾವೇ ಮಾಡಿದ ಮಾಲೀಕರ ಮನಸ್ಸಿನಲ್ಲಿ ಕೆಲಸಗಳ ನಡುವೆ ಗೆರೆಯೇ ಇರುವುದಿಲ್ಲ. ಕಡಲೆಕಾಯಿ ಬೀಜ ಒಣಗಿಸುವುದು, ಮೂಟೆ ಎತ್ತುವುದು, ಗಾಣಕ್ಕೆ ಸುರಿಯುವುದು, ಹಿಂಡಿ ತೆಗೆಯುವುದು, ಎಣ್ಣೆ ತಿಳಿಯಾಗಲು ಬಿಡುವುದು, ಬಾಟಲಿಗೆ ತುಂಬುವುದು, ಬಿಲ್ಲು ಬರೆಯುವುದು ಎಲ್ಲವೂ ಅವರಿಗೆ ಒಂದೇ ದಿನಚರಿ. ಸೇರುವವರಿಗೆ ಮಾತ್ರ ಗಲ್ಲಾದಲ್ಲಿ ಕೂರುವುದೂ ತಿರುಗುವ ಒನಕೆಯ ಪಕ್ಕದಲ್ಲಿ ನಿಲ್ಲುವುದೂ ಎರಡು ಬೇರೆ ಉದ್ಯೋಗಗಳು. ಎರಡನೆಯದಕ್ಕೆ ಮೈಬಲವೂ ಎಚ್ಚರವೂ ಕಲಿಕೆಯೂ ಬೇಕು. ಆದ್ದರಿಂದ ದಿನದ ಹೆಚ್ಚು ಹೊತ್ತು ಹಿಡಿಯುವ ಕೆಲಸ ಯಾವುದು ಎಂಬುದರ ಜೊತೆಗೆ ಯಾವ ಕೆಲಸ ಅವರದಲ್ಲ ಎಂಬುದನ್ನೂ ಹೇಳುವ ಪಠ್ಯ ಉಳಿದವುಗಳಿಗಿಂತ ಪ್ರಾಮಾಣಿಕವಾದುದು. “ಹುಡುಗರು” ಎಂಬ ಕರೆಯನ್ನೂ ಈ ದೃಷ್ಟಿಯಿಂದಲೇ ಆಕ್ಷೇಪಿಸಬೇಕಾಗುತ್ತದೆ. ಬಾಟಲಿ ತುಂಬುವ, ಲೆಕ್ಕ ಬರೆಯುವ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದ ಮಾಡುವುದನ್ನು ಕಾನೂನು ಒಪ್ಪುವುದಿಲ್ಲ. ಬಸ್ಸಿನ ಲೆಕ್ಕ ನೋಡಿದರೆ ಹೊರಗೆ ಉಳಿಯುವವರು ಆ ಸಂಬಳದಲ್ಲಿ ನೆಮ್ಮದಿಯಿಂದ ಉಳಿಯಬಲ್ಲ ಹೆಣ್ಣುಮಕ್ಕಳೇ.

ಈ ತಿದ್ದುಪಡಿಗಳೊಂದಿಗೆ ಅದೇ ಪ್ರಕಟಣೆ, ನರಸೀಪುರದಲ್ಲಿ ಓದಿಸುವಾಗ, ಹೀಗಾಗಬಹುದು: “ನಂಜನಗೂಡಿನಲ್ಲಿ ಕೆಲಸ. ಗಾಣದ ಎಣ್ಣೆ ಅಂಗಡಿಗೆ ಒಬ್ಬರು ಬೇಕು, ಹೆಂಗಸರೂ ಬರಬಹುದು, ಗಂಡಸರೂ ಬರಬಹುದು, ವಯಸ್ಸು ಹದಿನೆಂಟು ತುಂಬಿರಬೇಕು. ಎಣ್ಣೆ ಅಳೆದು ತುಂಬುವುದು, ಬಿಲ್ಲು ಬರೆಯುವುದು, ಸಂಜೆ ಲೆಕ್ಕ ಒಪ್ಪಿಸುವುದು. ಮೂಟೆ ಎತ್ತುವ ಕೆಲಸ, ಗಾಣದ ಕೆಲಸ ಇಲ್ಲ. ಸಂಬಳ ತಿಂಗಳಿಗೆ ಹದಿನಾರು ಸಾವಿರ, ಮೊದಲ ತಿಂಗಳಿನಿಂದಲೇ, ಪ್ರತಿ ತಿಂಗಳು ಐದನೇ ತಾರೀಖು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ, ಊಟಕ್ಕೆ ಒಂದು ಗಂಟೆ ಬಿಡುವು, ಬುಧವಾರ ರಜೆ. ಅಂಗಡಿ ನಂಜನಗೂಡು ಬಸ್ ನಿಲ್ದಾಣದಿಂದ ಐದು ನಿಮಿಷದ ದಾರಿ.” ಕೊನೆಯಲ್ಲಿ ಫೋನ್ ಸಂಖ್ಯೆಯನ್ನು ಎರಡೆರಡು ಅಂಕೆಗಳಾಗಿ ಬಿಡಿಸಿ, ಎರಡು ಸಲ ಹೇಳಬೇಕು.

ಇಲ್ಲಿನ ಕ್ರಮಕ್ಕೆ ಕಾರಣವಿದೆ. ಆಟೋ ಚಲಿಸುತ್ತಿರುವುದರಿಂದ ಮನೆಯೊಳಗಿನವರ ಕಿವಿಗೆ ಬೀಳುವುದು ಪ್ರಕಟಣೆಯ ಒಂದು ತುಣುಕು ಮಾತ್ರ, ಮತ್ತು ಯಾವ ತುಣುಕು ಬೀಳುವುದೋ ತಿಳಿಯದು. ಆದ್ದರಿಂದ “ಸಮಸ್ತ ನಾಗರಿಕ ಬಂಧುಗಳ” ಎಂಬಂತಹ ಸಂಬೋಧನೆಗೆ ಸಮಯ ಕೊಡದೆ, ಊರು ಮೊದಲ ಮಾತಿನಲ್ಲೂ ಕೊನೆಯ ಮಾತಿನಲ್ಲೂ ಬರುವಂತೆ ಮಾಡಲಾಗಿದೆ. ವಾಕ್ಯಗಳು ಒಂದನ್ನೊಂದು ಆಶ್ರಯಿಸದೆ ನಿಂತಿರುವುದರಿಂದ ನಡುವೆ ಕಿವಿಗೊಟ್ಟವರಿಗೂ ಅರ್ಥವಾಗುತ್ತದೆ. ಸೋಮವಾರದ ಬದಲು ಬುಧವಾರ ರಜೆ ಇಟ್ಟಿರುವುದು, ಸೋಮವಾರ ಶ್ರೀಕಂಠೇಶ್ವರನ ದರ್ಶನಕ್ಕೆ ಬರುವವರಿಂದ ಪೇಟೆಗೆ ವ್ಯಾಪಾರ ಹೆಚ್ಚುವ ಕಾರಣಕ್ಕೆ. ದೊಡ್ಡಜಾತ್ರೆಯ ದಿನಗಳಲ್ಲಿ ರಜೆಯಿಲ್ಲವೆಂದರೆ ಅದನ್ನೂ ಫೋನಿನ ಮೊದಲ ಮಾತುಕತೆಯಲ್ಲೇ ತಿಳಿಸುವುದು ನ್ಯಾಯ. ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕೆಂಬುದನ್ನು ಇಲ್ಲಿ ನೆನಪಿಸಬೇಕು.

ಈ ಪಠ್ಯಕ್ಕೂ ಮಿತಿಗಳಿವೆ. ಲೆಕ್ಕದಲ್ಲಿ ಕೊರತೆ ಬಂದರೆ ಯಾರು ತುಂಬಬೇಕು, ಮಾಲೀಕರು ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹೊಣೆ ಯಾರದು ಎಂಬಂತಹ, ಮೊದಲ ಕೆಲಸಗಾರರಿಗೆ ನಿಜವಾಗಿ ತಲೆನೋವಾಗುವ ಪ್ರಶ್ನೆಗಳನ್ನು ಅರ್ಧ ನಿಮಿಷದ ಮಾತಿನಲ್ಲಿ ಅಡಕಮಾಡಲಾಗದು. ಅವುಗಳ ಜಾಗ ನೇಮಕಾತಿ ಪತ್ರ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಹುದ್ದೆಯನ್ನೂ ಸಂಬಳವನ್ನೂ ಷರತ್ತುಗಳನ್ನೂ ಬರೆದ ಇಂತಹ ಪತ್ರವನ್ನು ನೇಮಕವಾದ 30 ದಿನಗಳೊಳಗೆ ಕೊಡಬೇಕೆಂದು ವಿಧಿಸುತ್ತದೆ. ಪ್ರಕಟಣೆಯ ಹಾಳೆಯನ್ನು ಎಸೆಯದೆ ಆ ಪತ್ರದ ಮೊದಲ ಕರಡಾಗಿ ಬಳಸುವ ಮಾಲೀಕರು, ಊರಿಗೆಲ್ಲ ಕೇಳಿಸಿದ ಮೊತ್ತವನ್ನೂ ಹೊತ್ತನ್ನೂ ಅದೇ ಅಂಕಿಗಳಲ್ಲಿ ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಕೆಲಸಗಾರರ ಕೈಗೆ ಕೊಡಬೇಕಾಗುತ್ತದೆ.