ಎದುರು ಬದಿಯಿಂದ ಕಂಡ ಚೆಂಡುಹೂವು

ದೀಪಾವಳಿಯ ಸಂಜೆ ನಮ್ಮ ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯಲ್ಲಿ ತಲೆಯೆತ್ತಿ ನಡೆಯುವವರಿಗೆ ಒಂದು ವಿಪರ್ಯಾಸವು ಗೋಚರಿಸದಿರದು: ಮಹಡಿಯ ಬಾಲ್ಕನಿಗಳಲ್ಲಿ ಕಿಲೋಗಟ್ಟಲೆ ಹೂವು ತೂಗುತ್ತಿರುತ್ತದೆ, ಅದರ ನಡುನಡುವೆ ನೂರಾರು ದೀಪಗಳೂ ಉರಿಯುತ್ತಿರುತ್ತವೆ, ಆದರೆ ಬೀದಿಯಲ್ಲಿ ನಿಂತವನ ಕಣ್ಣಿಗೆ ದೀಪ ಮಾತ್ರ ಕಾಣುತ್ತದೆಯೇ ಹೊರತು ಹೂವು ಕಾಣುವುದಿಲ್ಲ. ಈ ದೋಷವನ್ನು ನಾನು ಪರರಲ್ಲಿ ಕಂಡು ಹೇಳುತ್ತಿಲ್ಲ, ಹಲವು ವರ್ಷಗಳ ಕೆಳಗೆ, ಮೊದಲನೆಯ ಬಾರಿ ನಮ್ಮ ಮನೆಯ ಗ್ರಿಲ್ಲಿಗೆ ಹೂವಿನ ಪರದೆಯನ್ನು ಕಟ್ಟಿ, ಒಳಗೆ ಕುರ್ಚಿ ಹಾಕಿಕೊಂಡು ಕುಳಿತು, ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದ ಸಮಯದಲ್ಲಿ, ಎದುರುಗಡೆಯ ದಿನಸಿ ಅಂಗಡಿಯವರು ಕೆಳಗಿನಿಂದಲೇ ಕೂಗಿ ಕೇಳಿದರು: "ಏನ್ ಸ್ವಾಮಿ, ಹಗಲು ಹೂವಿತ್ತಲ್ಲ, ಕತ್ತಲಾದ ಮೇಲೆ ಎಲ್ಲಿ ಹೋಯ್ತು?" ಇಳಿದು ಹೋಗಿ ಅವರ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಕೋಣೆಯ ಬೆಳಕು ಹಿಂದಿನಿಂದ ಬಿದ್ದು, ಹೊನ್ನಿನಂತಿದ್ದ ನನ್ನ ಮಾಲೆಗಳೆಲ್ಲ ಸುಟ್ಟ ಹಗ್ಗದಂತೆ ಕಪ್ಪಾಗಿ ಜೋತಾಡುತ್ತಿದ್ದವು.

ಚೆಂಡುಹೂವಿನ ದಳ ದಟ್ಟವಾದುದು. ಬೆಳಕನ್ನು ತನ್ನ ಮೂಲಕ ಹಾಯಗೊಡುವ ಸ್ವಭಾವ ಅದಕ್ಕಿಲ್ಲ. ಆದುದರಿಂದ ಬೀದಿಯವನಿಗೆ ಅದರ ಬಣ್ಣ ತೋರಬೇಕಾದರೆ ಬೆಳಕು ಬೀದಿಯ ಕಡೆಯಿಂದಲೇ ಅದರ ಮೇಲೆ ಬೀಳತಕ್ಕದ್ದು. ನಾನು ಈಗ ಅನುಸರಿಸುವ ಕ್ರಮ ಇದು. ಬಾಲ್ಕನಿಯ ಮೇಲಣ ಸಜ್ಜದ ಅಂಚಿಗೆ, ಹೂವಿನ ಸಾಲಿಗಿಂತ ಒಂದು ಗೇಣು ಮುಂದಕ್ಕೆ, ಒಂದು ಮರದ ರೀಪನ್ನು ಅಡ್ಡಲಾಗಿ ಬಿಗಿದು, ಆ ರೀಪಿನ ಒಳಮುಖಕ್ಕೆ ಎಲ್‌ಇಡಿ ಪಟ್ಟಿಯನ್ನು ಅಂಟಿಸುತ್ತೇನೆ. ಬೀದಿಯಿಂದ ನೋಡುವವರಿಗೆ ಮರದ ಅಂಚು ಕಾಣುವುದಲ್ಲದೆ ದೀಪದ ಚುಕ್ಕೆಗಳು ಕಾಣವು, ಬೆಳಕು ಮಾತ್ರ ಮೇಲಿನಿಂದ ಹೂವನ್ನು ಸವರಿಕೊಂಡು ಇಳಿಯುತ್ತದೆ. ರೀಪು ಹೂವಿಗೆ ತೀರ ಹತ್ತಿರವಾದರೆ ಮೇಲಿನ ನಾಲ್ಕು ಹೂವುಗಳು ಮಾತ್ರ ಬೆಳಗಿ ಉಳಿದುವು ಕತ್ತಲಲ್ಲಿ ಉಳಿಯುತ್ತವೆ. ಪರದೆಯ ಹಿಂದೆ ಒಂದು ಮೊಳದ ಅಂತರದಲ್ಲಿ ಒಗೆದ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟು, ಕೋಣೆಯ ದೀಪವನ್ನು ಆರಿಸಿಬಿಟ್ಟರೆ, ಮಾಲೆಗಳ ಸಂದಿನಲ್ಲಿ ಮಂದವಾದ ಹೊಳಪೊಂದು ನಿಂತು ಹೂವಿನ ಅಂಚುಗಳು ಸ್ಫುಟವಾಗುತ್ತವೆ.

ಬೆಳಕಿನ ಬಣ್ಣದ ವಿಷಯದಲ್ಲಿ ಅಂಗಡಿಯವನ ಮಾತನ್ನು ನಂಬದೆ ಡಬ್ಬದ ಮೇಲಿನ ಅಂಕಿಯನ್ನು ಓದಬೇಕು. 6500 ಕೆಲ್ವಿನ್ ಎಂದಿರುವ ತಣ್ಣನೆಯ ಬಿಳಿ ಬೆಳಕಿನಲ್ಲಿ ನೀಲಿಯ ಅಂಶ ಅಧಿಕ. ಚೆಂಡುಹೂವಿನ ವರ್ಣದ್ರವ್ಯಗಳು ನೀಲಿಯನ್ನು ನುಂಗಿಕೊಂಡು ಹಳದಿ ಕೆಂಪುಗಳನ್ನಷ್ಟೇ ಹಿಂದಿರುಗಿಸುವುದರಿಂದ, ಆ ಬೆಳಕಿನಲ್ಲಿ ಸುತ್ತಣ ಗೋಡೆ ಥಳಥಳಿಸಿ ಹೂವು ಮಾತ್ರ ಬಾಡಿದಂತೆ ತೋರುತ್ತದೆ. 2700ರಿಂದ 3000ದೊಳಗಿನ ಬೆಚ್ಚನೆಯ ಬೆಳಕೇ ಇದಕ್ಕೆ ಯೋಗ್ಯ. (ಗುಂಡ್ಲುಪೇಟೆಯ ಕಡೆ ಎಕರೆಗಟ್ಟಲೆ ಚೆಂಡುಹೂವನ್ನು ಬೆಳೆದು ಕಾರ್ಖಾನೆಗೆ ಸಾಗಿಸುವುದು ಇದೇ ವರ್ಣದ್ರವ್ಯಕ್ಕಾಗಿ, ದೇವರ ಮುಡಿಗೆ ಏರುವ ಈ ಹೂವಿನ ತವರು ಮೆಕ್ಸಿಕೊ ಎಂಬುದೂ ಅನೇಕರಿಗೆ ಮರೆತುಹೋಗಿದೆ.) ಇನ್ನು ಮಿಣುಕುವ ಸೀರಿಯಲ್ ಸೆಟ್ಟುಗಳ ಬಗೆಗೆ ನನ್ನ ಅಭಿಪ್ರಾಯ ಕಟುವಾದುದು: ಮಿಣುಕುವ ದೀಪದ ಪಕ್ಕದಲ್ಲಿ ಯಾವ ಹೂವಿಗೂ ಗೌರವವಿಲ್ಲ. ಮಕ್ಕಳ ಹಟಕ್ಕೆ ಹಾಕಲೇಬೇಕಾದರೆ ಅದರ ಗುಂಡಿಯನ್ನೊತ್ತಿ ಒಂದೇ ಸಮನೆ ಉರಿಯುವಂತೆ ಮಾಡಿ, ಬಿಳಿಯ ಪಂಚೆಯ ಮೇಲೆ ವಿರಳವಾಗಿ ಹರಡಬಹುದು.

ಪೋಣಿಸುವುದರಲ್ಲಿಯೂ ಬೀದಿಯ ಕಣ್ಣನ್ನು ಮರೆಯುವಂತಿಲ್ಲ. ಮೊದಲ ಮಹಡಿಯ ಹೂವನ್ನು ದಾರಿಹೋಕನು ಕೆಳಗಿನಿಂದ ನೋಡುತ್ತಾನೆ. ಹೂವು ಮೇಲ್ಮುಖವಾಗಿದ್ದರೆ ಅವನಿಗೆ ದೊರೆಯುವುದು ಹಸುರು ತೊಟ್ಟಿನ ದರ್ಶನ. ಆದುದರಿಂದ ಹೂವಿನ ಮುಖ ಕೆಳಗಾಗುವಂತೆ, ಸೂಜಿಯನ್ನು ದಳಗಳ ನಡುವಿನಿಂದ ಚುಚ್ಚಿ ತೊಟ್ಟಿನ ಕಡೆ ಹೊರಡಿಸಬೇಕು. ಹೀಗೆ ಮಾಡಿದಾಗ ಕೆಳಗಿನ ಗಂಟು ಮೆತ್ತನೆಯ ದಳಗಳ ನಡುವೆ ನುಸುಳಿ ಮಾಲೆಯೇ ಜಾರಿಬೀಳುವ ಭಯವುಂಟು. ಗಂಟಿಗೆ ಮೊದಲು ಒಂದಂಗುಲದ ಕಡ್ಡಿಯನ್ನೋ ಮಡಿಸಿದ ಮಾವಿನೆಲೆಯನ್ನೋ ಕಟ್ಟಿದರೆ ಅದು ತಡೆಯುತ್ತದೆ. ಹಳದಿಯೊಂದು ಕೇಸರಿಯೊಂದು ಎಂದು ಹೂವು ಹೂವಿಗೂ ಬಣ್ಣ ಬದಲಿಸುವುದು ಕೈಯಲ್ಲಿ ಹಿಡಿದಾಗ ಚೆಂದ, ರಸ್ತೆಯ ಆಚೆಯಿಂದ ಎರಡೂ ಕಲಸಿಹೋಗಿ ಒಂದು ಮಸುಕು ಬಣ್ಣವಾಗುತ್ತದೆ. ಗೇಣುದ್ದ ಕೇಸರಿ, ಗೇಣುದ್ದ ಹಳದಿ ಎಂದು ಪಟ್ಟೆಪಟ್ಟೆಯಾಗಿ ಪೋಣಿಸಿದರೆ ಮಾತ್ರ ದೂರಕ್ಕೂ ಭೇದ ತಿಳಿಯುತ್ತದೆ.

ಲೆಕ್ಕವನ್ನು ನಮ್ಮ ಮನೆಯದನ್ನೇ ಹೇಳುತ್ತೇನೆ. ಗ್ರಿಲ್ಲಿನ ಅಗಲ 6 ಅಡಿ, ಕಂಬಿಗಳ ನಡುವಣ ಅಂತರ 4 ಅಂಗುಲ. ಕಂಬಿಯ ನೇರಕ್ಕೇ ಮಾಲೆ ಇಳಿದರೆ ಕಬ್ಬಿಣ ಮರೆಯಾಗುತ್ತದೆ, ಸಂದಿನಲ್ಲಿ ಇಳಿದರೆ ಕಬ್ಬಿಣವೂ ಹೂವೂ ಒಂದರ ಪಕ್ಕ ಒಂದು ನಿಂತು ಜಗಳಾಡುತ್ತವೆ. ಹೀಗೆ 19 ಮಾಲೆಗಳಾದುವು. ಒಂದೊಂದರ ಉದ್ದ 3 ಅಡಿ. ಒತ್ತಿ ಪೋಣಿಸಿದ ದಪ್ಪ ಹೂವೊಂದು ಒಂದೂಕಾಲು ಅಂಗುಲವನ್ನು ಹಿಡಿಯುವುದರಿಂದ ಮಾಲೆಗೆ 29 ಹೂವು, ಒಟ್ಟು 551. ನಾನು ತೂಗಿದಂತೆ ಹೂವೊಂದಕ್ಕೆ ಸುಮಾರು 7 ಗ್ರಾಂ ಬಂದುದರಿಂದ, ಬೇಕಾದದ್ದು 4 ಕಿಲೋದ ಸಮೀಪ. ನಲುಗಿದುವನ್ನೂ ಸಣ್ಣವನ್ನೂ ತೆಗೆದು ಹಾಕಬೇಕಾದೀತೆಂದು 5 ಕಿಲೋ ಕೊಂಡೆ. ಮಾಲೆಯೊಂದು 200 ಗ್ರಾಂ ತೂಗುವಾಗ ಹೊಲಿಗೆಯ ಒಂಟಿ ದಾರ ತಾಳಲಾರದು, ಎರಡೆಳೆಯ ಹತ್ತಿದಾರ ಬೇಕು.

ಕೃಷ್ಣರಾಜ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ಬೆಳಗ್ಗೆ ಹೂ ಕೊಳ್ಳುವವರು ರಾಶಿಯ ಮೇಲ್ಭಾಗವನ್ನು ನೋಡಿ ಮರುಳಾಗಬಾರದು. ನೀರು ಚಿಮುಕಿಸಿದ ಹೂವು ಹೊಳೆಯುತ್ತದೆ, ತೂಗುತ್ತದೆ, ಮಾರನೆಯ ದಿನ ಕೊಳೆಯುತ್ತದೆ. ರಾಶಿಯೊಳಗೆ ಕೈಯಿಟ್ಟು ಒಂದನ್ನು ತೆಗೆದು ಹಿಸುಕಿದರೆ ಅದು ಪುಟಿದು ಮೊದಲಿನಂತಾಗಬೇಕು. ದಳಗಳನ್ನು ಬಿಡಿಸಿದರೆ ಬುಡದಲ್ಲಿ ಕಂದು ಇರಬಾರದು. ಮನೆಗೆ ತಂದೊಡನೆ ಪ್ಲಾಸ್ಟಿಕ್ ಚೀಲದಿಂದ ಬಿಡುಗಡೆ ಮಾಡಿ ಬಟ್ಟೆಯ ಮೇಲೆ ಹರಡಬೇಕು. ಎರಡನೆಯ ದಿನ ಹೂವು ಸೊರಗಿ ಮಾಲೆಯಲ್ಲಿ ಸಂದು ಬೀಳುವುದು ಅನಿವಾರ್ಯ. ಆಗ ಮೇಲಿನ ಹೂವುಗಳನ್ನು ಬೆರಳಿನಿಂದ ಕೆಳಕ್ಕೆ ಸರಿಸಿ, ಮೇಲೆ ತೆರವಾದ ದಾರಕ್ಕೆ ಎತ್ತಿಟ್ಟ ಹೂವು ಎರಡನ್ನು ಏರಿಸಿದರೆ ಸಾಕು.

ಒಂದು ಎಚ್ಚರಿಕೆಯನ್ನು ಮಾತ್ರ ಸೌಂದರ್ಯದ ಮಾತಿನ ನಡುವೆ ನುಗ್ಗಿಸಲೇಬೇಕಾಗಿದೆ. ನಮ್ಮಲ್ಲಿ ದೀಪಾವಳಿಯೂ ಹಿಂಗಾರಿನ ಮಳೆಯೂ ಒಂದೇ ಕಾಲಕ್ಕೆ ಬರುತ್ತವೆ; ಗ್ರಿಲ್ಲು ಕಬ್ಬಿಣದ್ದು, ಹೂವು ಒದ್ದೆಯಾಗುವಂಥದು, ಅಗ್ಗದ ಸೆಟ್ಟಿನ ತಂತಿಯ ಹೊದಿಕೆಯೋ ಈರುಳ್ಳಿಯ ಸಿಪ್ಪೆಯಷ್ಟು ತೆಳುವು. ಸಿಪ್ಪೆ ಸುಲಿದ ತಂತಿ ಕಂಬಿಗೆ ತಾಗಿದರೆ ಇಡೀ ಗ್ರಿಲ್ಲಿನಲ್ಲಿ ವಿದ್ಯುತ್ತು ಹರಿಯುತ್ತದೆ. 12 ವೋಲ್ಟಿನ ಅಡಾಪ್ಟರಿರುವ, ನೀರು ತಾಳುವ ಪಟ್ಟಿಯನ್ನೇ ಆರಿಸಿ, ಅಡಾಪ್ಟರನ್ನೂ ಪ್ಲಗ್ಗನ್ನೂ ಮನೆಯ ಒಳಗೇ ಇಡಬೇಕು.

ಕಳೆದ ವರ್ಷ ಇಷ್ಟೆಲ್ಲವನ್ನೂ ಮಾಡಿ, ದೀಪ ಹಚ್ಚಿ, ಮೆಟ್ಟಿಲಿಳಿದು ಅದೇ ಅಂಗಡಿಯ ಮುಂದೆ ನಿಂತೆ. ಮಾಲೆಗಳ ತುದಿಯ ಒಂದು ಗೇಣು ಬಾಲ್ಕನಿಯ ಅಂಚಿನ ಗೋಡೆಗೆ ಮರೆಯಾಗಿತ್ತು. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತಿ, "ಈ ಸಲ ಹೂವು ಕಾಣ್ತಿದೆ ಸ್ವಾಮಿ, ಆದ್ರೆ ಕೆಳಗೆ ಕಟ್ಟಿದ್ದು ದಂಡ" ಎಂದರು. ಈ ವರ್ಷದ ಮಾಲೆ ಎರಡೂಕಾಲು ಅಡಿ, ಹೂವು ನಾಲ್ಕು ಕಿಲೋ.